ವಿಷಯ: ರೈತರ ಪೇಔಟ್‌ಗಾಗಿ ನಮ್ಮ ಸರ್ವರ್‌ನ 2 ಐಪಿ ವೈಟ್‌ಲಿಸ್ಟ್ ಮಾಡಿ, 2 ಹಳೆ ಐಪಿ ತೆಗೆಯಲು ಮನವಿ (ಮರ್ಚೆಂಟ್ ಐಡಿ MRC-20817)

ದಿನಾಂಕ: 12 ನವೆಂಬರ್ 2025, ಕೋಲಾರ

ನಮಸ್ಕಾರ ಮೇಡಂ,

ಕಳೆದ ಶುಕ್ರವಾರ ಫೋನಿನಲ್ಲಿ ಮಾತಾಡಿದಾಗ "ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಬರೆದು ಕಳಿಸಿ, ಕನ್ನಡದಲ್ಲೇ ಆದರೂ ಪರವಾಗಿಲ್ಲ" ಎಂದಿದ್ದಿರಿ. ಅದರಂತೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಹಣದ ವಿಷಯ ಆದ್ದರಿಂದ ಯಾವುದನ್ನೂ ಬಿಡಲು ಮನಸ್ಸಾಗಲಿಲ್ಲ.

ಮೊದಲು ಬೇಕಾಗಿರುವುದು ಏನು ಎಂದು ಹೇಳಿಬಿಡುತ್ತೇನೆ. ಲೈವ್ ಪೇಔಟ್ ಎಪಿಐಗೆ ಈ ಎರಡು ವಿಳಾಸಗಳನ್ನು ಸೇರಿಸಬೇಕು:

```
203.0.113.47/32    ಮುಖ್ಯ ಸರ್ವರ್, ಮುಂಬೈ
198.51.100.23/32   ಬದಲಿ ಸರ್ವರ್, ಹೈದರಾಬಾದ್
```

ಈ ಎರಡು ಹಳೆ ವಿಳಾಸಗಳನ್ನು ಇವತ್ತೇ ತೆಗೆಯಬೇಕು:

```
192.0.2.118
192.0.2.203
```

ತೆಗೆಯುವ ಕೆಲಸಕ್ಕೆ ಸೇರಿಸುವ ಕೆಲಸ ಮುಗಿಯಲಿ ಎಂದು ಕಾಯಬೇಡಿ. ಜೂನ್ ತಿಂಗಳಿಂದ ನಾವು ಎಪಿಐ ಬಳಸುತ್ತಿಲ್ಲ. ದಿನವೂ ಫೈಲ್ ಮಾಡಿ ಡ್ಯಾಶ್‌ಬೋರ್ಡ್‌ನಲ್ಲಿ ಕೈಯಿಂದಲೇ ಅಪ್‌ಲೋಡ್ ಮಾಡುತ್ತಿದ್ದೇವೆ. ಹಾಗಾಗಿ ಆ ಎರಡು ಹೋದರೆ ನಮ್ಮ ಯಾವ ಪಾವತಿಯೂ ನಿಲ್ಲುವುದಿಲ್ಲ.

ಇಷ್ಟು ಅವಸರ ಯಾಕೆ ಎಂದರೆ, ಅವೆರಡೂ ನಮ್ಮ ಆಫೀಸಿನ ಬ್ರಾಡ್‌ಬ್ಯಾಂಡ್ ಲೈನಿಗೆ ಆಗ ಸಿಕ್ಕಿದ್ದ ವಿಳಾಸಗಳು. ನಾವು ಸ್ಥಿರ ಐಪಿ ತೆಗೆದುಕೊಂಡಿರಲಿಲ್ಲ. ಈಗ ಅವು ಕೋಲಾರದಲ್ಲೋ ಮುಳಬಾಗಿಲಿನಲ್ಲೋ ಯಾರದೋ ಮನೆಯ ರೌಟರ್‌ನಲ್ಲಿರಬಹುದು. ಕೀ ಇಲ್ಲದೆ ಅವರು ಏನೂ ಮಾಡಲಾರರು, ನಿಜ. ಆದರೆ ಪರಿಚಯವೇ ಇಲ್ಲದವರ ಮನೆಗೆ ನಮ್ಮ ಖಜಾನೆಯ ಅರ್ಧ ಬಾಗಿಲು ತೆರೆದಿಟ್ಟ ಹಾಗಲ್ವಾ ಇದು?

ಜೂನ್‌ನಲ್ಲಿ ಆದದ್ದು ನಿಮ್ಮ ದಾಖಲೆಯಲ್ಲೂ ಇರಬೇಕು. ನಮ್ಮದು ಟೊಮೆಟೊ ಬೆಳೆಗಾರರೇ ಸೇರಿ ಮಾಡಿಕೊಂಡ ರೈತ ಉತ್ಪಾದಕ ಕಂಪನಿ. ಬೆಳಗ್ಗೆ ಮಾರಾಟವಾದ 15 ಕಿಲೋ ಬಾಕ್ಸ್‌ಗಳ ಲೆಕ್ಕ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಸಂಜೆ 4 ಗಂಟೆಗೆ ಐಎಂಪಿಎಸ್ ಮೂಲಕ ಹಣ ಹೋಗುತ್ತದೆ. ಆವತ್ತು ಪಟ್ಟಿಯಲ್ಲಿ 212 ಜನ ಇದ್ದರು. 86 ಜನಕ್ಕೆ ಹೋಗುವಷ್ಟರಲ್ಲಿ ಮಳೆ ಗಾಳಿಗೆ ಕರೆಂಟ್ ಹೋಯಿತು. ಯುಪಿಎಸ್ ಇದ್ದದ್ದು ಕಂಪ್ಯೂಟರ್‌ಗೆ ಮಾತ್ರ, ರೌಟರ್‌ಗೆ ಇರಲಿಲ್ಲ. ಕರೆಂಟ್ ಬಂದು ರೌಟರ್ ಮತ್ತೆ ಶುರುವಾದಾಗ ಲೈನಿನ ವಿಳಾಸ ಬದಲಾಗಿತ್ತು. ಅಲ್ಲಿಂದ ಮುಂದೆ ಬಂದದ್ದೆಲ್ಲ 403.

ನಮ್ಮ ಹುಡುಗರಿಗೆ ಅದು ಐಪಿ ತೊಂದರೆ ಎಂದು ತಿಳಿಯಲಿಲ್ಲ. ಕೀ ಕೆಟ್ಟಿದೆ ಎಂದುಕೊಂಡು ಹೊಸ ಕೀ ಮಾಡಿದರು. ಆಮೇಲೆ ಇಡೀ ಪಟ್ಟಿಯನ್ನೇ ಮತ್ತೊಮ್ಮೆ ಓಡಿಸಿದರು. ಆಗ ನಮ್ಮ ಪ್ರೋಗ್ರಾಂ ಪ್ರತಿ ಸಲವೂ ಹೊಸ ರೆಫರೆನ್ಸ್ ನಂಬರ್ ಹಾಕುತ್ತಿತ್ತು. ಮಧ್ಯದಲ್ಲಿ ಯಾರೋ ಪಟ್ಟಿಯಲ್ಲಿ ಹಳೆ ವಿಳಾಸದ ಜೊತೆಗೆ ಹೊಸದನ್ನೂ ಸೇರಿಸಿದ್ದರಿಂದ ಮೊದಲ ಇಬ್ಬರಿಗೆ ಎರಡನೇ ಸಲ ಹಣ ಹೋಯಿತು. ಅಷ್ಟರಲ್ಲಿ ಕಣ್ಣಿಗೆ ಬಿದ್ದು ನಿಲ್ಲಿಸಿದೆವು. ಆ ಇಬ್ಬರೂ ಕೇಳಿದ ತಕ್ಷಣ ಹಣ ವಾಪಸ್ ಕೊಟ್ಟರು. ಆದರೆ ಉಳಿದ 126 ಜನ ಕಾದರು. ಕೌಂಟರ್ ಮುಂದೆ ಒಬ್ಬ ಅಮ್ಮ ಮೊಬೈಲ್ ಹಿಡಿದುಕೊಂಡು ನಿಂತಿದ್ದರು, ಬಾಡಿಗೆ ಕೊಡದೆ ಟೆಂಪೋದವನು ಹೊರಡುವುದಿಲ್ಲ ಎನ್ನುತ್ತಿದ್ದ. "ಮೆಸೇಜ್ ಬಂತಾ ನೋಡಪ್ಪ" ಎಂದು ಮೂರು ಸಲ ಮೊಬೈಲ್ ನನ್ನ ಕೈಗೆ ಕೊಟ್ಟರು. ತಪ್ಪು ಪೂರ್ತಿ ನಮ್ಮದೇ. ಅದು ಇನ್ನೊಮ್ಮೆ ಆಗಬಾರದು ಎಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಈಗ ಪಾವತಿಯ ಪ್ರೋಗ್ರಾಂ ಆಫೀಸಿನಲ್ಲಿಲ್ಲ. ಎಡಬ್ಲ್ಯೂಎಸ್ ಮುಂಬೈ ರೀಜನ್‌ನಲ್ಲಿ ಓಡುತ್ತದೆ. ಸರ್ವರ್‌ಗೆ ನೇರ ಪಬ್ಲಿಕ್ ವಿಳಾಸ ಇಲ್ಲ, ಹೊರಗೆ ಹೋಗುವುದೆಲ್ಲ ನ್ಯಾಟ್ ಗೇಟ್‌ವೇ ಮೂಲಕ. ಅದಕ್ಕೆ ಇಲಾಸ್ಟಿಕ್ ಐಪಿ ಕೊಟ್ಟಿದ್ದೇವೆ. ಸರ್ವರ್ ನಿಲ್ಲಿಸಿ ಶುರು ಮಾಡಿದರೂ, ಬೇರೆ ಸರ್ವರ್ ಹಾಕಿದರೂ, ನಾವಾಗಿ ಬಿಟ್ಟುಕೊಡುವವರೆಗೆ ಆ ವಿಳಾಸ ನಮ್ಮದೇ. ಇಲಾಸ್ಟಿಕ್ ಐಪಿಯನ್ನು ಒಂದು ರೀಜನ್‌ನಿಂದ ಇನ್ನೊಂದಕ್ಕೆ ಒಯ್ಯಲು ಆಗುವುದಿಲ್ಲ. ಅದಕ್ಕೇ ಹೈದರಾಬಾದ್‌ನ ಬದಲಿ ಸರ್ವರ್‌ಗೆ ಬೇರೆ ವಿಳಾಸ.

ಕೊಟ್ಟಿರುವ ವಿಳಾಸ ಕನ್ಸೋಲ್ ನೋಡಿ ಬರೆದದ್ದಲ್ಲ. ಎರಡೂ ಸರ್ವರ್‌ಗಳ ಒಳಗೆ ಹೋಗಿ, ಹೊರಗಿನವರಿಗೆ ಏನು ಕಾಣುತ್ತದೆ ಎಂದು ಕೇಳಿ ಬರೆದದ್ದು. ಮುಂಬೈನಲ್ಲಿ ಹೀಗೆ ಬಂತು:

```
$ curl -4 -s https://checkip.amazonaws.com
203.0.113.47
```

ನಮ್ಮ ಕಡೆ ಐಪಿವಿ6 ಹಾಕಿಲ್ಲ. ಹಾಕಿದ್ದರೆ ಕೆಲವು ಕರೆಗಳು ಐಪಿವಿ6 ವಿಳಾಸದಿಂದ ಹೊರಟು, ಪಟ್ಟಿಯಲ್ಲಿಲ್ಲ ಎಂದು ತಿರುಗಿ ಬರುತ್ತಿದ್ದವು. ಮುಂದೆ ಹಾಕುವುದಾದರೆ ಮೊದಲು ನಿಮಗೆ ತಿಳಿಸುತ್ತೇವೆ.

ಫೋನಿನಲ್ಲಿ ನಿಮ್ಮ ಸಹೋದ್ಯೋಗಿ "ಸುಮ್ನೆ ಒಂದು /24 ಹಾಕಿಬಿಡೋಣ, ಪದೇ ಪದೇ ಬದಲಿಸೋದು ತಪ್ಪುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ದಯವಿಟ್ಟು ಬೇಡ. /24 ಎಂದರೆ 256 ವಿಳಾಸ. ಅದರಲ್ಲಿ ನಮ್ಮದು ಒಂದೇ. ಉಳಿದ 255 ಅದೇ ಕ್ಲೌಡ್‌ನ ಬೇರೆ ಗ್ರಾಹಕರ ಕೈಯಲ್ಲಿರುತ್ತವೆ. ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಅಲ್ಲಿ ಒಂದು ಸರ್ವರ್ ಬಾಡಿಗೆಗೆ ಪಡೆಯಬಹುದು.

ಇನ್ನು ಮುಂದೆ ವಿಳಾಸ ಬದಲಾಗುವ ವಿಚಾರ. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ. ಯಾರಾದರೂ ನಮ್ಮ ಕೀ ಕದ್ದರೂ ಪಟ್ಟಿ ಅವರನ್ನು ತಡೆಯುತ್ತದೆ. ಆಗ ಅವರು ಮಾಡುವ ಮುಂದಿನ ಕೆಲಸ ನಿಮಗೆ ಒಂದು ಮೇಲ್ ಬರೆಯುವುದು: "ನಮ್ಮ ಸರ್ವರ್ ಬದಲಾಗಿದೆ, ತುಂಬಾ ಅರ್ಜೆಂಟ್, ರೈತರು ಕಾಯುತ್ತಿದ್ದಾರೆ, ಈ ಐಪಿ ಸೇರಿಸಿ." ಹಾಗಾಗಿ ನಮ್ಮ ಹೆಸರಲ್ಲಿ ಬರುವ ಬರೀ ಮೇಲ್ ನೋಡಿ ಯಾವ ವಿಳಾಸವನ್ನೂ ಸೇರಿಸಬೇಡಿ. ಈ ಮೇಲ್ ನೋಡಿಯೂ ಸೇರಿಸಬೇಡಿ. ಡ್ಯಾಶ್‌ಬೋರ್ಡ್‌ನಲ್ಲಿ ನನ್ನ ಲಾಗಿನ್‌ನಿಂದ ಇದೇ ಕೋರಿಕೆ ಹಾಕಿದ್ದೇನೆ, ನಮ್ಮ ಲೆಕ್ಕಪತ್ರ ವಿಭಾಗದ ಮೇಡಂ ತಮ್ಮ ಲಾಗಿನ್‌ನಿಂದ ಒಪ್ಪಿಗೆ ಕೊಡುತ್ತಾರೆ. ಅದಾದ ಮೇಲೆ ಖಾತೆ ತೆರೆಯುವಾಗ ನೋಂದಾಯಿಸಿದ ಮೊಬೈಲ್ ನಂಬರ್‌ಗೆ ನೀವೇ ಕರೆ ಮಾಡಿ, ನಾಲ್ಕು ವಿಳಾಸಗಳನ್ನೂ ಒಂದೊಂದೇ ಅಂಕಿ ಓದಿಸಿ ಖಚಿತ ಮಾಡಿಕೊಳ್ಳಿ. ಮೇಲ್‌ನಲ್ಲಿ ಯಾವ ಫೋನ್ ನಂಬರ್ ಕೊಟ್ಟಿದ್ದರೂ ಅದಕ್ಕೆ ಕರೆ ಮಾಡಬೇಡಿ. ನಾನು ಇಲ್ಲಿ ನಂಬರ್ ಬರೆಯದೆ ಇರುವುದೂ ಅದಕ್ಕೇ.

ಮುಂಬೈ ಕಡೆ ಏನೇ ತೊಂದರೆಯಾದರೂ ನಾವು ಹೈದರಾಬಾದ್‌ಗೆ ಹೋಗುತ್ತೇವೆ, ಆ ವಿಳಾಸ ಆಗಲೇ ಪಟ್ಟಿಯಲ್ಲಿರುತ್ತದೆ. ಅಂದರೆ "ಅರ್ಜೆಂಟ್ ಆಗಿ ಹೊಸ ಐಪಿ ಸೇರಿಸಿ" ಎಂದು ನಾವು ಬೇಡಿಕೊಳ್ಳುವ ಸಂದರ್ಭವೇ ಬರಬಾರದು. ಅಂಥ ಮಾತು ಬಂದರೆ ಅನುಮಾನ ಪಡಿ, ಇರುವ ಪಟ್ಟಿಯನ್ನು ಮುಟ್ಟದೆ ನಮಗೆ ಕರೆ ಮಾಡಿ. ಒಂದು ಸಂಜೆ ಹಣ ತಡವಾದರೆ ನಾನೇ ಕೌಂಟರ್ ಮುಂದೆ ನಿಂತು ರೈತರಿಗೆ ಹೇಳುತ್ತೇನೆ. ಹೋದ ಹಣ ತರಲು ನನ್ನಿಂದ ಆಗುವುದಿಲ್ಲ.

ನಿಜವಾಗಿಯೂ ವಿಳಾಸ ಬದಲಿಸಬೇಕಾದರೆ 7 ಕೆಲಸದ ದಿನ ಮುಂಚೆ ತಿಳಿಸುತ್ತೇವೆ. ಮೊದಲು ಹೊಸದು ಸೇರಬೇಕು, ಹಳೆಯದು ಹಾಗೇ ಇರಬೇಕು. ಹೊಸ ವಿಳಾಸದಿಂದ ಬ್ಯಾಲೆನ್ಸ್ ಕೇಳಿ ನೋಡುತ್ತೇವೆ, ಅದರಲ್ಲಿ ಹಣ ಕದಲುವುದಿಲ್ಲ. ಸರಿ ಬಂದರೆ ನಮ್ಮದೇ ಇನ್ನೊಂದು ಖಾತೆಗೆ ₹1 ಕಳಿಸುತ್ತೇವೆ. ಆಮೇಲೆ ಹಳೆ ಸರ್ವರ್‌ನ 4 ಗಂಟೆಯ ಕ್ರಾನ್ ಜಾಬ್ ನಿಲ್ಲಿಸಿ, ನಿಂತಿದೆ ಎಂದು ಕಣ್ಣಾರೆ ನೋಡಿದ ಮೇಲಷ್ಟೇ ಹೊಸದರಲ್ಲಿ ಶುರು ಮಾಡುತ್ತೇವೆ. ಎರಡೂ ವಿಳಾಸ ಪಟ್ಟಿಯಲ್ಲಿರುವ ಆ ದಿನಗಳಲ್ಲಿ ಎರಡೂ ಸರ್ವರ್ ಒಟ್ಟಿಗೆ ಪಾವತಿ ಶುರು ಮಾಡಿಬಿಟ್ಟರೆ ಜೂನ್‌ಗಿಂತ ದೊಡ್ಡ ಅನಾಹುತ. 7 ದಿನ ಹೊಸದು ಸರಿಯಾಗಿ ಓಡಿದರೆ ಹಳೆಯದನ್ನು ತೆಗೆಯಲು ಕೋರುತ್ತೇವೆ. ನೀವು ತೆಗೆದೆವು ಎಂದು ಹೇಳಿದ ಮೇಲೆ, ಹಳೆ ಸರ್ವರ್‌ನಿಂದ ಒಂದು ಕರೆ ಮಾಡಿ 403 ಬರುವುದನ್ನು ನೋಡುತ್ತೇವೆ. ಆಗ ಮಾತ್ರ ಆ ಇಲಾಸ್ಟಿಕ್ ಐಪಿ ಬಿಡುತ್ತೇವೆ. ಮೊದಲೇ ಬಿಟ್ಟರೆ ಅದು ಬೇರೆ ಗ್ರಾಹಕರಿಗೆ ಹೋಗಬಹುದು, ನಿಮ್ಮ ಪಟ್ಟಿಯಲ್ಲಿ ಇನ್ನೂ ನಮ್ಮ ಹೆಸರಲ್ಲೇ ಇರುತ್ತದೆ.

ಎರಡು ಸಲ ಹಣ ಹೋಗುವುದಕ್ಕೆ ಈಗ ಪ್ರೋಗ್ರಾಂನಲ್ಲೇ ತಡೆ ಇದೆ. ಪ್ರತಿ ಬಿಲ್ಲಿಗೆ ಒಂದೇ ಐಡೆಂಪೊಟೆನ್ಸಿ ಕೀ, ಎಷ್ಟು ಸಲ ಓಡಿಸಿದರೂ ಅದೇ ಹೋಗುತ್ತದೆ. 403 ಬಂದರೆ ಇಡೀ ಪಟ್ಟಿ ಅಲ್ಲೇ ನಿಂತು ನನಗೆ ಮೆಸೇಜ್ ಬರುತ್ತದೆ. ಟೈಮ್‌ಔಟ್ ಆದರೆ ಹಣ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ, ಹಾಗಾಗಿ ಮೊದಲು ಸ್ಟೇಟಸ್ ಕೇಳುತ್ತದೆ, ಆಮೇಲೆ ಮುಂದಿನ ಹೆಜ್ಜೆ. ಲಾಗ್‌ಗಳನ್ನು 180 ದಿನ ಇಡುತ್ತೇವೆ.

ನಿಮ್ಮಿಂದ ಕೆಲವು ಉತ್ತರ ಬೇಕು. ಐಪಿ ಪಟ್ಟಿಯಲ್ಲಿಲ್ಲದಿದ್ದಾಗ ಬರುವ 403ಕ್ಕೂ ಕೀಗೆ ಅನುಮತಿ ಇಲ್ಲದಾಗ ಬರುವ 403ಕ್ಕೂ ಬೇರೆ ಬೇರೆ ಎರರ್ ಕೋಡ್ ಇದೆಯೇ? ಜೂನ್‌ನಲ್ಲಿ ಇದೊಂದು ತಿಳಿದಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ಪಟ್ಟಿಗೆ ಸೇರಿಸಿದ ಮೇಲೆ ಜಾರಿಗೆ ಬರಲು ಎಷ್ಟು ಹೊತ್ತು? ಪಟ್ಟಿಯಲ್ಲಿಲ್ಲದ ವಿಳಾಸದಿಂದ ನಮ್ಮ ಕೀ ಬಳಸಿ ಯಾರಾದರೂ ಪ್ರಯತ್ನಿಸಿದರೆ ನಮಗೆ ಆಗಲೇ ಎಚ್ಚರಿಕೆ ಕಳಿಸಲು ಆಗುತ್ತದೆಯೇ? ಇದು ಆದರೆ ತುಂಬಾ ಉಪಕಾರ, ಕೀ ಕಳುವಾದದ್ದು ಮೊದಲು ಗೊತ್ತಾಗುವುದೇ ಅಲ್ಲಿ. ನಿಮ್ಮಿಂದ ನಮಗೆ ಬರುವ ವೆಬ್‌ಹುಕ್‌ಗಳ ವಿಳಾಸಗಳನ್ನೂ ಕೊಡಿ. ನಾವು ನಂಬುವುದು ಸಹಿಯನ್ನೇ, ಎಚ್‌ಮ್ಯಾಕ್ ಸಹಿ ಹೊಂದದಿದ್ದರೆ ಯಾವ ವಿಳಾಸದಿಂದ ಬಂದರೂ ಬಿಸಾಡುತ್ತೇವೆ. ಆದರೂ ಫೈರ್‌ವಾಲ್‌ನಲ್ಲಿ ಹಾಕಿಕೊಂಡಿರುತ್ತೇವೆ. ನಿಮ್ಮ ವಿಳಾಸ ಬದಲಾಗುವಾಗ ನಮಗೂ 7 ದಿನ ಮುಂಚೆ ತಿಳಿಸಿ.

ಸೋಮವಾರ 17ರೊಳಗೆ ಎರಡು ವಿಳಾಸ ಸೇರಿದರೆ, ಮಂಗಳವಾರ ಬೆಳಗ್ಗೆ 11ಕ್ಕೆ ಎರಡೂ ಸರ್ವರ್‌ನಿಂದ ಪರೀಕ್ಷೆ ಮಾಡುತ್ತೇವೆ. ಆ ಹೊತ್ತಿಗೆ ನಿಮ್ಮ ಕಡೆಯಿಂದ ಒಬ್ಬರು ಫೋನಿನಲ್ಲಿದ್ದರೆ ಚೆನ್ನ. ಗುರುವಾರ 20ರಂದು ಮೊದಲ ಸಲ 10 ಜನ ರೈತರಿಗೆ ಮಾತ್ರ ಎಪಿಐನಿಂದ ಕಳಿಸಿ, ಉಳಿದವರಿಗೆ ಫೈಲ್ ಅಪ್‌ಲೋಡ್ ಮಾಡುತ್ತೇವೆ. ಸಂಜೆ 4ರಿಂದ 5ರವರೆಗೆ ದಯವಿಟ್ಟು ನಮ್ಮ ಪಟ್ಟಿಯಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಡಿ.

ಹಳೆ ಎರಡು ವಿಳಾಸ ತೆಗೆದದ್ದನ್ನು ಮಾತ್ರ ಇವತ್ತು ಸಂಜೆಯೊಳಗೆ ತಿಳಿಸಿ.

ವಂದನೆಗಳೊಂದಿಗೆ,
ಸರ್ವರ್ ಮತ್ತು ಪಾವತಿ ನೋಡಿಕೊಳ್ಳುವವರು,
ಟೊಮೆಟೊ ಬೆಳೆಗಾರರ ರೈತ ಉತ್ಪಾದಕ ಕಂಪನಿ, ಕೋಲಾರ
ಪ್ರತಿ: ಲೆಕ್ಕಪತ್ರ ವಿಭಾಗ