ಸೀಮಂತದ ದಿನ, ಅಪ್ಪ ಆಗುವವನ ಎರಡು ಮಾತು

ಎಲ್ಲರಿಗೂ ನಮಸ್ಕಾರ. ಇವತ್ತು ನನ್ನ ಕೆಲಸ ಕುರ್ಚಿ ಜೋಡಿಸುವುದು ಮಾತ್ರ ಅಂದುಕೊಂಡಿದ್ದೆ. ನನ್ನ ಅಕ್ಕ ಬಂದು ಕೈಗೆ ಮೈಕ್ ಕೊಟ್ಟುಬಿಟ್ಟಳು. ಎರಡೇ ಮಾತು ಆಡುತ್ತೇನೆ. ಎರಡು ಮಾತು ಅಂದವರು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ನಿಮಗೆಲ್ಲ ಗೊತ್ತೇ ಇದೆ.

ಮೊದಲು ಅತ್ತೆ, ಮಾವ, ನಿಮಗೆ. ಮೊದಲ ಮೂರು ತಿಂಗಳು ಇವಳಿಗೆ ಏನು ತಿಂದರೂ ನಿಲ್ಲುತ್ತಿರಲಿಲ್ಲ. ವಾಂತಿ ಆಗುವುದು ಬೆಳಗ್ಗೆ ಮಾತ್ರ ಅಂತ ಯಾರೋ ಹೇಳಿದ್ದರು. ಸುಳ್ಳು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಯಾವಾಗ ಬೇಕಾದರೂ ಆಗುತ್ತಿತ್ತು. ಒಂದು ದಿನ ನಾನು ಸ್ನಾನ ಮಾಡಿ ಬಂದು ಪಕ್ಕದಲ್ಲಿ ಕೂತೆ. ನನ್ನ ಸೋಪಿನ ವಾಸನೆಗೇ ಎದ್ದು ಓಡಿದಳು. ಮೂರು ಸೋಪು ಬದಲಾಯಿಸಿದೆ. ಕೊನೆಗೆ ಅತ್ತೆ ಫೋನಿನಲ್ಲಿ, "ಸೋಪು ಬಿಡಪ್ಪ, ಸ್ವಲ್ಪ ದಿನ ಬರೀ ನೀರಲ್ಲೇ ಸ್ನಾನ ಮಾಡು" ಅಂದರು. ಮಾಡಿದೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಇಲ್ಲೇ ಇದ್ದಾರೆ. ಅವರಿಗೂ ಈ ಹೊತ್ತಲ್ಲಿ ಒಂದು ಥ್ಯಾಂಕ್ಸ್ ಹೇಳಲೇಬೇಕು.

ಮಾವ ಜಾಸ್ತಿ ಮಾತಾಡುವವರಲ್ಲ. ಆದರೆ ಪ್ರತಿ ಸ್ಕ್ಯಾನಿಂಗ್ ದಿನ ನಮಗಿಂತ ಮೊದಲೇ ರೆಡಿಯಾಗಿ, ಕಾರಿನ ಕೀ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿರುತ್ತಿದ್ದರು. ಅವತ್ತು ಮೊದಲ ಸಲ ಪಾಪುವಿನ ಎದೆಬಡಿತ ಕೇಳಿಸಿದರಲ್ಲ, ಕುದುರೆ ಓಡಿದ ಹಾಗೆ ಅಷ್ಟು ಜೋರು. ನನಗೆ ಗಾಬರಿ. ಮಗುವಿನ ಹೃದಯ ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತದೆ, ಅದು ಸರಿಯಾಗೇ ಇದೆ ಅಂತ ಡಾಕ್ಟರು ಹೇಳಿದ ಮೇಲೇ ಉಸಿರು ಬಿಟ್ಟೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನು ಹೊರಗೆ ಬಂದು ಮಾವನಿಗೆ ಕೇಳಿಸಿದೆ. ಅವರು ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ವಾಪಸ್ ಹೋಗುವಾಗ ಕಾರನ್ನು ಎಷ್ಟು ನಿಧಾನ ಓಡಿಸಿದರು ಅಂದರೆ, ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು.

ಇನ್ನು ನಮ್ಮ ಅಮ್ಮ. ಅಮ್ಮ, ನಿನಗೆ ಥ್ಯಾಂಕ್ಸ್ ಹೇಳಿದರೆ ಬೈತೀಯ. ಅದಕ್ಕೇ ಹೇಳುವುದಿಲ್ಲ. ಆದರೆ ಒಂದು ವಿಷಯ ಎಲ್ಲರಿಗೂ ಹೇಳಬೇಕು. ಹೋದ ತಿಂಗಳು ಅಮ್ಮನ ಹತ್ತಿರ ದೊಡ್ಡದಾಗಿ ಹೇಳಿಕೊಂಡೆ. "ಪಾಪು ಬಂದ ಮೇಲೆ ನಾನೂ ಇವಳಿಗೆ ಹೆಲ್ಪ್ ಮಾಡ್ತೀನಿ ಅಮ್ಮ" ಅಂದೆ. ಹೊಗಳುತ್ತಾಳೆ ಅಂತ ಕಾಯುತ್ತಿದ್ದೆ. ಅಮ್ಮ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಯಾಕೆ, ಮಗು ಪಕ್ಕದ ಮನೆಯವರದ್ದಾ?"

ಅಲ್ಲಿಂದ ಹೆಲ್ಪ್ ಅನ್ನುವ ಮಾತು ಬಿಟ್ಟೆ. ಇವತ್ತು ನಿಮ್ಮೆಲ್ಲರ ಮುಂದೆ ಅದನ್ನೇ ಹೇಳಬೇಕಿತ್ತು. ಹೆಲ್ಪ್ ಮಾಡುವವನು ಕರೆದಾಗ ಬರುತ್ತಾನೆ. ಏನು ಮಾಡಬೇಕು ಅಂತ ಕೇಳುತ್ತಾನೆ. ಆಮೇಲೆ ಹೊಗಳಿಕೆಗೆ ಕಾಯುತ್ತಾನೆ. ಡೈಪರ್ ಮುಗಿಯಿತಾ, ಲಸಿಕೆ ಯಾವಾಗ, ಟವೆಲ್ ಎಲ್ಲಿದೆ, ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಕೆಲಸ ಮಾತ್ರ ಅವಳ ತಲೆಯಲ್ಲೇ ಉಳಿಯುತ್ತದೆ. ಅದು ಕೈಕೆಲಸಕ್ಕಿಂತ ಜಾಸ್ತಿ ಸುಸ್ತು, ಅಲ್ವಾ? ಅಲ್ಲಿ ಕೂತಿರುವ ಚಿಕ್ಕಮ್ಮಂದಿರೆಲ್ಲ ತಲೆ ಆಡಿಸುತ್ತಿದ್ದಾರೆ. ಚಿಕ್ಕಪ್ಪಂದಿರು ಮೇಲೆ ಫ್ಯಾನ್ ನೋಡುತ್ತಿದ್ದಾರೆ.

ಆದ್ದರಿಂದ ನಾವಿಬ್ಬರೂ ಕೂತು ಮಾತಾಡಿಕೊಂಡೆವು. ಹುಟ್ಟಿದ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದಂತೆ. ಅಂದರೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಅಷ್ಟೇ. ಹಾಲು ಕುಡಿಸುವುದು ನನ್ನ ಕೈಯಲ್ಲಿ ಆಗುವುದಿಲ್ಲ, ಒಪ್ಪಿದೆ. ಆದರೆ ತೊಟ್ಟಿಲಿನಿಂದ ಎತ್ತಿ ಇವಳ ಕೈಗೆ ಕೊಡುವುದು ನನ್ನ ಕೆಲಸ. ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ತಟ್ಟುವುದು ನನ್ನದು. ಬಟ್ಟೆ ಒದ್ದೆಯಾದರೆ ಬದಲಾಯಿಸುವುದೂ ನನ್ನದೇ. ಇವಳು ಹಾಲು ಕೊಟ್ಟು ಹಾಗೇ ಮಲಗಬೇಕು. ಲಸಿಕೆಯ ದಿನಗಳು, ಡಾಕ್ಟರ ಹತ್ತಿರ ಹೋಗುವ ದಿನಗಳು, ಮನೆಯ ಒಗೆಯುವ ಬಟ್ಟೆ, ಇವು ಪೂರ್ತಿ ನನ್ನ ಲೆಕ್ಕಕ್ಕೆ. ಇವಳು ಕೇಳಬಾರದು, ನೆನಪಿಸಲೂಬಾರದು.

ಪ್ರಾಕ್ಟೀಸ್ ಶುರುವಾಗಿದೆ. ಟವೆಲ್ ಸುತ್ತಿ ಮಗು ಮಾಡಿಕೊಂಡು ಎತ್ತಿಕೊಳ್ಳುವುದನ್ನು ಅಕ್ಕ ಹೇಳಿಕೊಟ್ಟಳು. ಕತ್ತಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಇನ್ನೊಂದು. ಎಳೇ ಮಗುವಿಗೆ ಕತ್ತು ನಿಲ್ಲುವುದಿಲ್ಲ, ತಲೆಗೆ ಯಾವಾಗಲೂ ಆಸರೆ ಬೇಕು. ಮೊದಲ ದಿನ ನನ್ನ ಟವೆಲ್ ಮಗುವಿನ ತಲೆ ಮೂರು ಸಲ ಹಿಂದಕ್ಕೆ ಬಿತ್ತು. ಅದೇ ಹೊತ್ತಿಗೆ ಫೋನ್ ಬಂತು ಅಂತ ಮಗುವನ್ನು ಸೋಫಾ ಮೇಲೆ ಎಸೆದುಬಿಟ್ಟೆ. ಅಕ್ಕ ಇನ್ನೂ ಅದನ್ನು ಮರೆತಿಲ್ಲ. ನೀವು ಕೇಳಿದರೆ ಸಾಕು, ನಟಿಸಿಯೇ ತೋರಿಸುತ್ತಾಳೆ.

ಅಪ್ಪನ ವಿಷಯ ಹೇಳದಿದ್ದರೆ ಆಗುವುದಿಲ್ಲ. ನಾನು ಹುಟ್ಟಿದಾಗ ಅಪ್ಪ ನನ್ನನ್ನು ಎತ್ತಿಕೊಳ್ಳುವುದಕ್ಕೆ ಹೆದರಿ ಒಂದು ವಾರ ಬಾಗಿಲಲ್ಲೇ ನಿಂತು ನೋಡುತ್ತಿದ್ದರಂತೆ. ಇದನ್ನು ಹೇಳಿದ್ದು ಅಮ್ಮ ಅಲ್ಲ, ಅಪ್ಪನೇ. ಮೊನ್ನೆ ರಾತ್ರಿ ನಾನು ಟವೆಲ್ ಹಿಡಿದು ಓಡಾಡುತ್ತಿದ್ದಾಗ ಪಕ್ಕಕ್ಕೆ ಬಂದರು. "ನಮ್ಮ ಕಾಲದಲ್ಲಿ ಯಾರೂ ಹೇಳಿಕೊಡಲಿಲ್ಲ ಕಣೋ. ನಾವೂ ಕೇಳಲಿಲ್ಲ" ಅಂದರು. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು, "ಕೊಡಿಲ್ಲಿ, ನಾನೊಂದ್ಸಲ ನೋಡ್ತೀನಿ" ಅಂತ ಟವೆಲ್ ತೆಗೆದುಕೊಂಡರು. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿ ಹಿಡಿದರು. ಸಂಜೆ ಪಾಪುವನ್ನು ಎತ್ತಿಕೊಂಡು ಓಡಾಡಿಸುವ ಡ್ಯೂಟಿ ಈಗ ಅಪ್ಪನದು. ಅವರೇ ಕೇಳಿ ತೆಗೆದುಕೊಂಡಿದ್ದಾರೆ.

ನೀನು, ಸ್ವಲ್ಪ ಈ ಕಡೆ ನೋಡು. ಒಂದು ತಪ್ಪು ಒಪ್ಪಿಕೊಳ್ಳಬೇಕು. ಐದನೇ ತಿಂಗಳಲ್ಲಿ ಒಂದು ರಾತ್ರಿ ನಿನಗೆ ಕಾಲು ಹಿಡಿದುಕೊಂಡು ಎದ್ದು ಕೂತಿದ್ದೆಯಲ್ಲ, ಅವತ್ತು ನನಗೆ ಎಚ್ಚರ ಇತ್ತು. ಬೆಳಗ್ಗೆ ಮೀಟಿಂಗ್ ಇದೆ ಅಂತ ನಿದ್ದೆ ಬಂದವನ ಹಾಗೆ ಮಲಗಿಯೇ ಇದ್ದೆ. ನೀನು ಒಬ್ಬಳೇ ಮಂಚದ ಅಂಚು ಹಿಡಿದು ಎದ್ದು, ಲೈಟ್ ಕೂಡ ಹಾಕದೆ, ನನಗೆ ಎಚ್ಚರ ಆಗಬಾರದು ಅಂತ ಕತ್ತಲಲ್ಲೇ ಓಡಾಡಿದೆ. ಆ ಮೀಟಿಂಗ್‌ನಲ್ಲಿ ಏನು ಮಾತಾಡಿದೆವು ಅಂತ ನನಗೆ ಒಂದಕ್ಷರ ನೆನಪಿಲ್ಲ. ನೀನು ಕತ್ತಲಲ್ಲಿ ಓಡಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಇನ್ನು ಮೇಲೆ ಲೈಟ್ ಹಾಕು. ನಾನು ಏಳದಿದ್ದರೆ ಎಬ್ಬಿಸು. ಒದ್ದು ಎಬ್ಬಿಸಿದರೂ ಸರಿ, ಇಷ್ಟು ಜನ ಸಾಕ್ಷಿ ಇದ್ದಾರೆ.

ನಿಮ್ಮೆಲ್ಲರ ಹತ್ತಿರ ಒಂದು ಕೇಳಿಕೊಳ್ಳುವುದಿದೆ. ಪಾಪು ನೋಡುವುದಕ್ಕೆ ಖಂಡಿತ ಬನ್ನಿ. ಬರುವ ಮೊದಲು ಒಂದು ಫೋನ್ ಮಾಡಿ. ಬಂದ ತಕ್ಷಣ ಕೈ ತೊಳೆದುಕೊಳ್ಳಿ. ನೆಗಡಿ, ಕೆಮ್ಮು ಇದ್ದರೆ ಬೇಜಾರು ಮಾಡಿಕೊಳ್ಳದೆ ಇನ್ನೊಂದು ದಿನ ಬನ್ನಿ. ಇವಳು ಮಲಗಿದ್ದರೆ ಎಬ್ಬಿಸುವುದು ಬೇಡ, ನಾನು ಇರುತ್ತೇನೆ. ಪಾಪು ಯಾರ ಹಾಗಿದೆ ಅನ್ನುವ ಚರ್ಚೆಯನ್ನು ನನ್ನ ಜೊತೆ ಎಷ್ಟು ಹೊತ್ತು ಬೇಕಾದರೂ ಮಾಡಬಹುದು.

ಇನ್ನೂ ಹೇಳುವುದಿತ್ತು. ಆದರೆ ಇವಳು ಒಂದು ಗಂಟೆಯಿಂದ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾಳೆ. ನೋಡಿ, ಪಾದ ಆಗಲೇ ಊದಿಕೊಂಡಿದೆ. ಅಕ್ಕ, ಮೈಕ್ ಹಿಡ್ಕೋ. ಒಳಗೆ ಒಂದು ಸ್ಟೂಲ್ ಇದೆ, ತಂದುಬಿಡುತ್ತೇನೆ. ಸ್ವಲ್ಪ ದಾರಿ ಬಿಡಿ.