ರೆಸ್ಯೂಮೆ: ಮಂಜುನಾಥ, ವಿಮಾನ ನಿರ್ವಹಣಾ ಇಂಜಿನಿಯರ್ (ಬಿ1.1), ಚಿಕ್ಕಬಳ್ಳಾಪುರ

ಕೇಳುತ್ತಿರುವ ಕೆಲಸ
ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಲೈನ್ ಮೇಂಟೆನೆನ್ಸ್, ಎ320 ವಿಮಾನಗಳಿಗೆ ಸಹಿ ಹಾಕುವ ಇಂಜಿನಿಯರ್. ಮನೆ ಚಿಕ್ಕಬಳ್ಳಾಪುರದಲ್ಲೇ ಇದೆ, ಹಾಗಾಗಿ ನೈಟ್ ಶಿಫ್ಟ್ ಆದರೂ ತೊಂದರೆ ಇಲ್ಲ.

ಲೈಸೆನ್ಸ್
ಡಿಜಿಸಿಎ ಸಿಎಆರ್-66, ಕೆಟಗರಿ ಬಿ1.1. 2018ರಲ್ಲಿ ಸಿಕ್ಕಿತು, 2023ರಲ್ಲಿ ನವೀಕರಿಸಿದ್ದೇನೆ, 2028ರವರೆಗೆ ಚಾಲ್ತಿ. ಬಿ2 ಇಲ್ಲ. ಏವಿಯಾನಿಕ್ಸ್‌ನಲ್ಲಿ ನನ್ನ ಲೈಸೆನ್ಸ್ ಒಪ್ಪುವ ಸರಳ ಟೆಸ್ಟ್‌ಗಳನ್ನಷ್ಟೇ ಮಾಡುತ್ತೇನೆ, ಅದಕ್ಕಿಂತ ಮುಂದಿನದು ಬಿ2 ಇಂಜಿನಿಯರ್ ಕೆಲಸ. ಹ್ಯೂಮನ್ ಫ್ಯಾಕ್ಟರ್ಸ್, ಫ್ಯುಯೆಲ್ ಟ್ಯಾಂಕ್ ಸೇಫ್ಟಿ, ವೈರಿಂಗ್ ತರಬೇತಿ ಎಲ್ಲವೂ ಚಾಲ್ತಿಯಲ್ಲಿವೆ.

ವಿಮಾನಗಳು
ಎಟಿಆರ್ 72-600 (ಪಿಡಬ್ಲ್ಯು127ಎಂ), 2018ರಿಂದ.
ಎ319, ಎ320, ಎ321 (ಸಿಎಫ್‌ಎಂ56 ಮತ್ತು ಲೀಪ್-1ಎ), 2021ರಿಂದ. ಈಗ ದಿನನಿತ್ಯದ ಕೆಲಸ ಜಾಸ್ತಿ ಇರುವುದು ಲೀಪ್ ಇಂಜಿನ್ ಮೇಲೆಯೇ.

ಮಾಡಿರುವ ತಪಾಸಣೆಗಳು
ಟ್ರಾನ್ಸಿಟ್, ಡೈಲಿ, ವೀಕ್ಲಿ ಚೆಕ್ ಮಾಡಿ ವಿಮಾನ ಬಿಡುಗಡೆಗೆ ಸಹಿ ಹಾಕುವುದು ನನ್ನ ಮುಖ್ಯ ಕೆಲಸ. ಎ ಚೆಕ್ ಕೂಡ ಮಾಡಿದ್ದೇನೆ. ಸಿ ಚೆಕ್‌ನಲ್ಲಿ ಬಿ1 ಸಪೋರ್ಟ್ ಸ್ಟಾಫ್ ಆಗಿ ಲ್ಯಾಂಡಿಂಗ್ ಗೇರ್ ಮತ್ತು ಫ್ಲೈಟ್ ಕಂಟ್ರೋಲ್ ಭಾಗ ನೋಡಿಕೊಂಡಿದ್ದೇನೆ, ಅಲ್ಲಿ ಕೊನೆಯ ಬಿಡುಗಡೆ ಸಹಿ ಕೆಟಗರಿ ಸಿ ಇಂಜಿನಿಯರ್‌ದು. ಬೋರೋಸ್ಕೋಪ್ ತಪಾಸಣೆ, ಹಕ್ಕಿ ಬಡಿದಾಗ, ಸಿಡಿಲು ತಗುಲಿದಾಗ, ಹಾರ್ಡ್ ಲ್ಯಾಂಡಿಂಗ್ ಆದಾಗ ಮಾಡುವ ವಿಶೇಷ ತಪಾಸಣೆಗಳು, ಇಂಜಿನ್ ಗ್ರೌಂಡ್ ರನ್, ಚಕ್ರ ಮತ್ತು ಬ್ರೇಕ್ ಬದಲಾವಣೆ ಎಲ್ಲ ಕೈಯಾರೆ ಮಾಡಿದ ಕೆಲಸ.

ಒಂದು ಉದಾಹರಣೆ ಬರೆಯಲೇಬೇಕು. ಬೆಳಗಿನ ಮೊದಲ ಫ್ಲೈಟ್‌ಗೆ ಹೋಗಬೇಕಿದ್ದ ಎ320ಯ ವೀಕ್ಲಿ ಚೆಕ್‌ನಲ್ಲಿ ಬಲಗಡೆ ಮೇನ್ ಗೇರ್ ಬೇಯಲ್ಲಿ ಹೈಡ್ರಾಲಿಕ್ ಪೈಪೊಂದು ಕ್ಲ್ಯಾಂಪ್‌ಗೆ ಉಜ್ಜಿ ಸವೆದಿರುವುದು ಟಾರ್ಚ್ ಬೆಳಕಿನಲ್ಲಿ ಕಾಣಿಸಿತು. ಲೀಕ್ ಇರಲಿಲ್ಲ. ಆದರೂ ಗೀರಿನ ಆಳ ಅಳೆದಾಗ ಮೇಂಟೆನೆನ್ಸ್ ಮ್ಯಾನುಯಲ್‌ನ ಮಿತಿ ದಾಟಿತ್ತು. ಪೈಪ್ ಬದಲಿಸಿ, ಸಿಸ್ಟಮ್‌ಗೆ ಪ್ರೆಶರ್ ಕೊಟ್ಟು ಲೀಕ್ ಚೆಕ್ ಮುಗಿಸಿದ ಮೇಲೆಯೇ ಸಹಿ ಹಾಕಿದೆ. ಫ್ಲೈಟ್ ತಡವಾಯಿತು, ಶಿಫ್ಟ್ ಮ್ಯಾನೇಜರ್ ನನ್ನ ಪರ ನಿಂತರು.

ಸುರಕ್ಷತಾ ದಾಖಲೆ
ನನ್ನ ಲೈಸೆನ್ಸ್ ಮೇಲೆ ಅಮಾನತು, ಎಚ್ಚರಿಕೆ ಪತ್ರ ಯಾವುದೂ ಇಲ್ಲ. ಬ್ರೆತ್ ಅನಲೈಸರ್ ಟೆಸ್ಟ್‌ಗಳೆಲ್ಲ ನೆಗೆಟಿವ್. ನಾನು ಸಹಿ ಹಾಕಿದ ಕೆಲಸದಿಂದಾಗಿ ಯಾವ ವಿಮಾನವೂ ಅರ್ಧದಾರಿಯಿಂದ ವಾಪಸ್ ಬಂದಿಲ್ಲ. ಫ್ಲೈಟ್ ಕಂಟ್ರೋಲ್ ಮುಟ್ಟಿದರೆ ಡುಪ್ಲಿಕೇಟ್ ಇನ್ಸ್‌ಪೆಕ್ಷನ್ ಬೇರೆ ಇಂಜಿನಿಯರ್ ಬಂದು ಮಾಡುವವರೆಗೆ ಪ್ಯಾನೆಲ್ ಮುಚ್ಚುವುದಿಲ್ಲ. ಟೂಲ್ ಲೆಕ್ಕ ಸರಿಹೋಗುವವರೆಗೆ ವಿಮಾನ ಬಿಡುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ.

ಓದು, ಅನುಭವ
ಚಿಕ್ಕಬಳ್ಳಾಪುರದಲ್ಲಿ ಪಿಯುಸಿ (ಪಿಸಿಎಂ). ಬೆಂಗಳೂರಿನಲ್ಲಿ ಡಿಜಿಸಿಎ ಅನುಮೋದಿತ ಎಎಂಇ ಕೋರ್ಸ್, 2013. 2014ರಿಂದ 2018ರವರೆಗೆ ಟೆಕ್ನಿಷಿಯನ್, ಆಮೇಲೆ ಎಟಿಆರ್ ಲೈನ್, 2021ರಿಂದ ಎ320 ಲೈನ್. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಬರುತ್ತದೆ.

ನೋಟಿಸ್ ಅವಧಿ 3 ತಿಂಗಳು. ಈಗಿನ ಕಂಪನಿಗೆ ಇನ್ನೂ ಹೇಳಿಲ್ಲ, ಅದಕ್ಕೇ ಇಲ್ಲಿ ಹೆಸರು ಹಾಕಿಲ್ಲ. ಲೈಸೆನ್ಸ್, ಲಾಗ್‌ಬುಕ್, ಆಥರೈಸೇಶನ್ ಪತ್ರಗಳ ಮೂಲಪ್ರತಿ ಸಂದರ್ಶನಕ್ಕೆ ತರುತ್ತೇನೆ.