ಹೊಂದಿಸಿ ಬರೆಯಿರಿ: ಕಾಯಿಲೆಯ ಜಾಡು ಹಿಡಿದವರು

ಇವತ್ತಿನ ರೀಡಿಂಗ್ ಟಾಸ್ಕ್ ಇದು. ಒಂದು ಪ್ಯಾಸೇಜ್, ಅದ್ರಲ್ಲಿ ಏಳು ಜನ, ಆಮೇಲೆ ಎಂಟು ಹೇಳಿಕೆ. ಫೋನಲ್ಲಿ ಟೈಮರ್ ಇಟ್ಕೊಂಡು ಕೂತ್ಕೊಳ್ಳಿ, ಡಿಕ್ಷನರಿ ಮುಟ್ಟಂಗಿಲ್ಲ, ಗೊತ್ತಿಲ್ಲದ ಪದ ಬಂದ್ರೆ ಹಾರಿಸ್ಕೊಂಡು ಹೋಗಿ.

ರೌಂಡ್ 1, ಸ್ಕಿಮ್ಮಿಂಗ್, 1 ನಿಮಿಷ. ಪ್ರತಿ ಪ್ಯಾರಾದ ಮೊದಲ ಸಾಲು, ಕೊನೇ ಸಾಲು ಅಷ್ಟೇ ಓದಿ. ಇದಕ್ಕೆ ಯಾವ ಹೆಡಿಂಗ್ ಒಪ್ಪುತ್ತೆ?
ಅ) ಲಸಿಕೆ ಹುಟ್ಟಿದ ಕಥೆ
ಆ) ಕಣ್ಣಿಗೆ ಕಾಣದ ಶತ್ರುವಿನ ಬೆನ್ನು ಹತ್ತಿದವರು
ಇ) ಯುದ್ಧಕಾಲದ ಆಸ್ಪತ್ರೆಗಳು

ಪ್ಯಾಸೇಜ್

ವಿಯೆನ್ನಾದ ದೊಡ್ಡಾಸ್ಪತ್ರೆಲಿ ಎರಡು ಹೆರಿಗೆ ವಾರ್ಡ್ ಇದ್ವು. ಒಂದನ್ನ ಸೂಲಗಿತ್ತಿಯರು ನೋಡ್ಕೊಳ್ತಿದ್ರು, ಇನ್ನೊಂದನ್ನ ಡಾಕ್ಟರುಗಳು ಮತ್ತೆ ಅವರ ಸ್ಟೂಡೆಂಟ್ಸು, ಬಾಣಂತಿಯರು ಜಾಸ್ತಿ ಸಾಯ್ತಿದ್ದಿದ್ದು ಈ ಎರಡನೇದ್ರಲ್ಲಿ. 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಸ್ನೇಹಿತ ಕೊಲೆಚ್ಕಾ ಪೋಸ್ಟ್‌ಮಾರ್ಟಂ ಮಾಡೋವಾಗ ಚಾಕು ತಗುಲಿ ತೀರ್ಕೊಂಡ್ರು, ನೋಡಿದ್ರೆ ಬಾಣಂತಿಯರಿಗೆ ಬರ್ತಿದ್ದ ಲಕ್ಷಣಗಳೇ ಅವರಲ್ಲೂ ಇದ್ವು. ಹೆಣ ಮುಟ್ಟಿದ ಕೈಯಲ್ಲೇ ಹೆರಿಗೆ ಮಾಡಿಸ್ತಿರೋ ನಾವೇ ಸಾವನ್ನ ಹೊತ್ಕೊಂಡು ಹೋಗ್ತಿದ್ದೀವಿ ಅಂತ ಅವರಿಗೆ ಹೊಳೀತು. ಕ್ಲೋರಿನ್ ನೀರಲ್ಲಿ ಕೈ ತೊಳೀದೆ ಯಾರೂ ಒಳಗೆ ಬರೋ ಹಾಗಿಲ್ಲ ಅಂದ್ರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳೀತು, ಆದ್ರೂ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ.

ಲಂಡನ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ 1854ರಲ್ಲಿ ಕಾಲರಾ ಹಬ್ಬಿದಾಗ ಎಲ್ಲರೂ ಕೆಟ್ಟ ಗಾಳಿ ಕೆಟ್ಟ ಗಾಳಿ ಅಂತಿದ್ರು. ಜಾನ್ ಸ್ನೋ ಮನೆ ಮನೆಗೆ ಹೋಗಿ ಯಾರು ಸತ್ರು, ಎಲ್ಲಿಂದ ನೀರು ತರ್ತಿದ್ರು ಅಂತ ವಿಚಾರಿಸಿ ಸಾವುಗಳನ್ನ ಮ್ಯಾಪ್ ಮೇಲೆ ಗುರುತು ಹಾಕಿದ್ರು. ಅದೇ ಬೀದಿಯ ಬಿಯರ್ ಫ್ಯಾಕ್ಟರಿಯ ಕೆಲಸಗಾರರು ಮಾತ್ರ ಆರಾಮಾಗಿದ್ರು, ಯಾಕಂದ್ರೆ ಅವರು ಪಂಪಿನ ನೀರಿನ ತಂಟೆಗೆ ಹೋಗದೆ ಬಿಯರ್ ಕುಡ್ಕೊಂಡಿದ್ರು, ಒಳಗಡೆ ಸ್ವಂತ ಬಾವಿನೂ ಇತ್ತು. ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿ ಬಿಚ್ಚಿಸಿದ್ರು.

ಅದೇ ವರ್ಷ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿ ಆಸ್ಪತ್ರೆಗೆ ಬಂದ್ರು. ಲಾಂದ್ರ ಹಿಡಿದ ಅಮ್ಮ ಅಂತಷ್ಟೇ ನಮಗೆ ಗೊತ್ತು, ಆದ್ರೆ ಈಯಮ್ಮ ಲೆಕ್ಕದಲ್ಲಿ ಪಳಗಿದವರು. ಸೈನಿಕರನ್ನ ಗುಂಡಿಗಿಂತ ಆಸ್ಪತ್ರೆಯ ಗಲೀಜು, ಭೇದಿ, ಜ್ವರಗಳೇ ಹೆಚ್ಚು ಕೊಂದಿದ್ದು ಅನ್ನೋದನ್ನ 1858ರಲ್ಲಿ ಬಣ್ಣ ಬಣ್ಣದ ವೃತ್ತಾಕಾರದ ಚಾರ್ಟ್‌ಲ್ಲಿ ತೋರಿಸಿ ಸರ್ಕಾರದ ಮುಂದಿಟ್ರು.

ಲೂಯಿ ಪಾಶ್ಚರ್ ಓದಿದ್ದು ಕೆಮಿಸ್ಟ್ರಿ. ಹಂಸದ ಕತ್ತಿನ ಹಾಗೆ ಬಾಗಿದ ಕೊಳವೆ ಇರೋ ಗಾಜಿನ ಬುರುಡೆಯೊಳಗೆ ಸಾರು ಕುದಿಸಿಟ್ರು, ಗಾಳಿ ಹೋಗ್ತಿತ್ತು, ಧೂಳು ಮಾತ್ರ ಕೊಳವೆಯ ತಿರುವಲ್ಲೇ ಸಿಕ್ಕಾಕ್ಕೊಳ್ತಿತ್ತು, ಸಾರು ಕೆಡಲಿಲ್ಲ. ಕತ್ತು ಮುರಿದ್ರೆ ಕೆಡ್ತಿತ್ತು. 1885ರಲ್ಲಿ ಹುಚ್ಚುನಾಯಿ ಕಚ್ಚಿದ 9 ವರ್ಷದ ಹುಡುಗನಿಗೆ ಲಸಿಕೆ ಕೊಡಿಸಿದವರೂ ಇವರೇ.

ಗ್ಲಾಸ್ಗೋದಲ್ಲಿ ಸರ್ಜನ್ ಆಗಿದ್ದ ಜೋಸೆಫ್ ಲಿಸ್ಟರ್, ಪಾಶ್ಚರ್ ಬರೆದಿದ್ದನ್ನ ಓದಿ, ಸಾರನ್ನ ಕೆಡಿಸೋದು ಸೂಕ್ಷ್ಮಜೀವಿ ಆದ್ರೆ ಗಾಯನ ಕೆಡಿಸೋದೂ ಅದೇ ಯಾಕಾಗಿರಬಾರದು ಅಂತ ಯೋಚನೆ ಮಾಡಿದ್ರು. ಗಾಡಿ ಚಕ್ರಕ್ಕೆ ಸಿಕ್ಕಿ ಕಾಲು ಮುರಿದಿದ್ದ 11 ವರ್ಷದ ಹುಡುಗನಿಗೆ 1865ರಲ್ಲಿ, ಚರಂಡಿಯ ಕೊಳಕು ವಾಸನೆ ಹೊಡೆಯೋಕೆ ಬಳಸ್ತಿದ್ದ ಕಾರ್ಬಾಲಿಕ್ ಆಸಿಡ್‌ನಲ್ಲಿ ಬಟ್ಟೆ ಅದ್ದಿ ಕಟ್ಟಿದ್ರು. ಗಾಯ ಕೊಳೀಲಿಲ್ಲ, ಕಾಲು ಉಳೀತು.

ಇನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ಕ್ಕೆ ಕ್ಷಯದ ಬ್ಯಾಕ್ಟೀರಿಯಾ ಸಿಕ್ತು ಅಂತ ಜಗತ್ತಿಗೆ ಹೇಳಿದ್ರು. ಅದಕ್ಕೂ ಮೊದ್ಲು ಅವರ ಲ್ಯಾಬಲ್ಲಿ ಒಂದು ತಲೆನೋವಿತ್ತು, ಬ್ಯಾಕ್ಟೀರಿಯಾ ಬೆಳೆಸೋ ಜೆಲಾಟಿನ್ ಸೆಖೆಗೆ ಕರಗಿ ನೀರಾಗ್ತಿತ್ತು. ಅಲ್ಲಿ ಕೆಲಸ ಮಾಡ್ತಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ ಮನೇಲಿ ಜೆಲ್ಲಿ, ಪುಡ್ಡಿಂಗ್ ಮಾಡೋಕೆ ಅಗರ್ ಹಾಕ್ತಿದ್ರು, ಅದು ಬೇಸಿಗೆಲೂ ಕರಗ್ತಿರಲಿಲ್ಲ, ಅದನ್ನೇ ಹಾಕಿ ನೋಡಿ ಅಂದ್ರು. ಇವತ್ತಿಗೂ ಲ್ಯಾಬುಗಳಲ್ಲಿ ಅಗರ್ ತಟ್ಟೆನೇ ನಡೀತಿದೆ.

ರೌಂಡ್ 2, ಸ್ಕ್ಯಾನಿಂಗ್, 30 ಸೆಕೆಂಡ್

ಕಣ್ಣು ಬರೀ ಅಂಕಿ ಹುಡುಕಲಿ, ವಾಕ್ಯ ಓದ್ಬೇಡಿ. ಪಂಪಿನ ಹಿಡಿ ಬಿಚ್ಚಿಸಿದ ತಾರೀಕು ಯಾವುದು? ಕಾಲು ಮುರಿದ ಹುಡುಗನ ವಯಸ್ಸೆಷ್ಟು? ನೈಟಿಂಗೇಲ್ ಚಾರ್ಟ್ ಯಾವ ವರ್ಷದ್ದು?

ರೌಂಡ್ 3, ಯಾರು ಯಾರು ಹೊಂದಿಸಿ, 5 ನಿಮಿಷ

ಸೆಮ್ಮೆಲ್‌ವೈಸ್, ಸ್ನೋ, ನೈಟಿಂಗೇಲ್, ಪಾಶ್ಚರ್, ಲಿಸ್ಟರ್, ಕಾಕ್, ಫ್ಯಾನಿ ಹೆಸ್ಸೆ. ಒಂದೇ ಹೆಸರು ಎರಡು ಸಲ ಬರಬಹುದು, ಒಬ್ಬರಿಗೆ ಯಾವ ಹೇಳಿಕೆನೂ ಇಲ್ಲ. ಗಂಡೋ ಹೆಣ್ಣೋ ಗೊತ್ತಾಗ್ಬಾರದು ಅಂತ ಎಲ್ಲ ಕಡೆ "ಇವರು" ಅಂತಲೇ ಹಾಕಿದೀನಿ.

1. ಇನ್ನೊಬ್ಬರ ಬರಹ ಇವರ ಕೆಲಸಕ್ಕೆ ದಾರಿ ತೋರಿಸ್ತು.
2. ಕಾಯಿಲೆ ಬಾರದೇ ಇದ್ದವರ ಕಥೆನೂ ಇವರ ವಾದಕ್ಕೆ ಬಲ ಕೊಡ್ತು.
3. ಆಪ್ತರೊಬ್ಬರ ಸಾವಲ್ಲಿ ಇವರಿಗೆ ಸುಳಿವು ಸಿಕ್ತು.
4. ಸತ್ತವರ ಲೆಕ್ಕನ ಕಾರಣದ ಪ್ರಕಾರ ಬೇರೆ ಮಾಡಿ ಚಿತ್ರದಲ್ಲಿ ತೋರಿಸಿದ್ರು.
5. ಇವರ ಪ್ರಯೋಗದಲ್ಲಿ ಪಾತ್ರೆಯ ಆಕಾರನೇ ಮುಖ್ಯ.
6. ಇವರ ಮಾತು ನಿಜ ಅಂದ್ರೆ ತಪ್ಪು ಇವರ ವೃತ್ತಿಯವರದ್ದೇ ಅಂತಾಗ್ತಿತ್ತು.
7. ಬೇರೆ ಯಾವುದಕ್ಕೋ ಬಳಸ್ತಿದ್ದ ವಸ್ತು ಹಾಕಿ ಒಬ್ಬ ಹುಡುಗನನ್ನ ಉಳಿಸಿದ್ರು.
8. ಅಡುಗೆಮನೆಯ ಅನುಭವ ವಿಜ್ಞಾನಕ್ಕೆ ಒದಗಿ ಬಂತು.

ಉತ್ತರ (ಮೊದ್ಲೇ ಇಣುಕಬೇಡಿ)

ರೌಂಡ್ 1: ಆ. ಲಸಿಕೆ ಬರೋದು ಒಂದೇ ಒಂದು ಸಾಲಲ್ಲಿ, ಯುದ್ಧ ಬರೋದು ಒಂದು ಪ್ಯಾರಾದಲ್ಲಿ.
ರೌಂಡ್ 2: ಸೆಪ್ಟೆಂಬರ್ 8, 11 ವರ್ಷ, 1858.

ರೌಂಡ್ 3: 1 ಲಿಸ್ಟರ್, 2 ಸ್ನೋ, 3 ಸೆಮ್ಮೆಲ್‌ವೈಸ್, 4 ನೈಟಿಂಗೇಲ್, 5 ಪಾಶ್ಚರ್, 6 ಸೆಮ್ಮೆಲ್‌ವೈಸ್, 7 ಲಿಸ್ಟರ್, 8 ಫ್ಯಾನಿ ಹೆಸ್ಸೆ. ಉಳಿದವರು ಕಾಕ್.

4ಕ್ಕೆ ಸ್ನೋ ಅಂತ ಬರೆದವರು "ಚಿತ್ರ" ಅಂದ ತಕ್ಷಣ ಮ್ಯಾಪ್‌ಗೆ ಹೋಗಿರ್ತೀರ. ಸ್ನೋ ಗುರುತು ಹಾಕಿದ್ದು ಎಲ್ಲಿ ಸತ್ರು ಅಂತ, ಹೇಳಿಕೆ ಕೇಳ್ತಿರೋದು ಯಾತರಿಂದ ಸತ್ರು ಅಂತ. 7 ಬೇಕಂತಲೇ ಇಟ್ಟ ಗುಂಡಿ, ಹೋದ ಸಲದ ಬ್ಯಾಚಲ್ಲಿ ಅರ್ಧ ಜನ ಪಾಶ್ಚರ್ ಅಂತ ಬರೆದು ಬಿದ್ರು. ಹುಡುಗ ಇಬ್ಬರ ಪ್ಯಾರಾದಲ್ಲೂ ಇದಾನೆ, ಆದ್ರೆ ಪಾಶ್ಚರ್ ಕೊಡಿಸಿದ್ದು ಆ ಕಾಯಿಲೆಗೇ ಅಂತ ತಯಾರಾದ ಲಸಿಕೆ, ಚರಂಡಿಯಿಂದ ಗಾಯಕ್ಕೆ ಬಂದಿದ್ದು ಲಿಸ್ಟರ್ ಆಸಿಡ್. 6ರಲ್ಲಿ "ವೃತ್ತಿ" ಅನ್ನೋ ಪದ ಪ್ಯಾಸೇಜಲ್ಲಿ ಎಲ್ಲೂ ಇಲ್ಲ, "ನಾವೇ ಸಾವನ್ನ ಹೊತ್ಕೊಂಡು ಹೋಗ್ತಿದ್ದೀವಿ" ಅನ್ನೋ ಸಾಲಲ್ಲಿ ಆ "ನಾವೇ" ಇದ್ಯಲ್ಲ, ಉತ್ತರ ಅಲ್ಲಿದೆ.

6ಕ್ಕಿಂತ ಕಮ್ಮಿ ಬಂದವರು ತಪ್ಪಾದ ನಂಬರಿನ ಪಕ್ಕ, ಯಾವ ಪದ ನೋಡಿ ಆ ಹೆಸರು ಹಾಕಿದ್ರಿ ಅಂತ ಬರೆದು ನಾಳೆ ತನ್ನಿ.